ಕಡ್ಡಿ ಫುಲ್, ಸ್ಪೀಡ್ ಅರ್ಧ: ವೈಫೈ ಎಕ್ಸ್‌ಟೆಂಡರ್‌ನ ಲೆಕ್ಕ

ತುಮಕೂರಿನ ಅಶೋಕನಗರ, ಎಸ್.ಎಸ್. ಪುರಂ ಕಡೆಯ ಮಹಡಿ ಮನೆಗಳಿಂದ ನಮಗೆ ಬರುವ ದೂರು ಹೆಚ್ಚಾಗಿ ಒಂದೇ ಥರದ್ದು. ಕೆಳಗಿನ ಹಾಲ್‌ನಲ್ಲಿ ಫೈಬರ್ ಚೆನ್ನಾಗಿದೆ. ಮೇಲಿನ ರೂಮಿಗೆ ಎಕ್ಸ್‌ಟೆಂಡರ್ ಹಾಕಿದ್ದಾರೆ, ಕಡ್ಡಿಗಳೆಲ್ಲ ಫುಲ್, ಆದರೂ ವಿಡಿಯೊ ಕಾಲ್ ನಿಂತು ನಿಂತು ಬರುತ್ತದೆ.

ಅಗ್ಗದ ಎಕ್ಸ್‌ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನ ಒಂದೇ ರೇಡಿಯೊ ಇರುತ್ತದೆ. ರೂಟರ್ ಜತೆಗೂ ಫೋನ್ ಜತೆಗೂ ಅದು ಒಂದೇ ಚಾನೆಲ್‌ನಲ್ಲಿ ಮಾತಾಡಬೇಕು, ಮತ್ತು ಆ ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರಿಗೇ ಅವಕಾಶ. ಹೀಗಾಗಿ ಪ್ರತಿ ಪ್ಯಾಕೆಟ್ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ. ಮೆಟ್ಟಿಲ ಹತ್ತಿರ ಇಟ್ಟ ಎಕ್ಸ್‌ಟೆಂಡರ್‌ಗೆ ಎರಡೂ ಕಡೆ 60 ಎಂಬಿಪಿಎಸ್ ಸಿಕ್ಕರೆ, ಅರ್ಧ ಸಮಯ ತರುವುದಕ್ಕೆ, ಅರ್ಧ ಸಮಯ ಕೊಡುವುದಕ್ಕೆ. ಫೋನಿಗೆ ತಲುಪುವುದು 30.

ಅದನ್ನೇ ರೂಮಿನೊಳಗೆ ಇಟ್ಟರೆ ಇನ್ನೂ ಕಡಿಮೆ. ಆರ್‌ಸಿಸಿ ಛಾವಣಿ ದಾಟಿ ರೂಟರ್‌ನಿಂದ ಬರುವುದು 20, ಎಕ್ಸ್‌ಟೆಂಡರ್‌ನಿಂದ ಫೋನಿಗೆ 80 ಅಂತಿಟ್ಟುಕೊಳ್ಳಿ. 16 ಮೆಗಾಬಿಟ್ ತರಲು 0.8 ಸೆಕೆಂಡ್, ಕೊಡಲು 0.2 ಸೆಕೆಂಡ್, ಅಲ್ಲಿಗೆ ಒಂದು ಸೆಕೆಂಡ್ ಮುಗಿಯಿತು, ಸಿಕ್ಕಿದ್ದು 16. ಫೋನಿನ ಕಡ್ಡಿ ತೋರಿಸುವುದು ಈ 80ರ ಕಡೆಯನ್ನು ಮಾತ್ರ. ಡ್ಯುಯಲ್ ಬ್ಯಾಂಡ್‌ನಲ್ಲಿ ಒಂದು ಬ್ಯಾಂಡ್ ತರಲು, ಇನ್ನೊಂದು ಕೊಡಲು ಬಳಸಿದರೆ ಈ ಅರ್ಧದ ನಷ್ಟ ತಪ್ಪುತ್ತದೆ. ಆದರೆ 5 ಗಿಗಾಹರ್ಟ್ಸ್ ಛಾವಣಿ ದಾಟುವಾಗ ಇನ್ನೂ ಸೊರಗುತ್ತದೆ.

ರೂಟರ್‌ನಿಂದ ಮೇಲಿನ ಪೆಟ್ಟಿಗೆಗೆ ಕೇಬಲ್ ಎಳೆದರೆ ತರುವ ಕೆಲಸ ಗಾಳಿಯಿಂದ ಪೂರ್ತಿ ಹೊರಗೆ ಹೋಗುತ್ತದೆ. ಕೇಬಲ್‌ನಲ್ಲಿ ಹೋಗುವುದೂ ಬರುವುದೂ ಒಟ್ಟಿಗೇ ನಡೆಯುತ್ತದೆ. ಮೇಲಿನ ರೇಡಿಯೊದ ಸಮಯವೆಲ್ಲ ಫೋನಿಗೇ, ಅದೂ ಬೇರೆ ಚಾನೆಲ್‌ನಲ್ಲಿ: ಕೆಳಗೆ 1, ಮೇಲೆ 11. ಆ 80 ಆಗ ಹೆಚ್ಚುಕಡಿಮೆ 80 ಆಗಿಯೇ ಉಳಿಯುತ್ತದೆ.

ಹೊಸ ಪೆಟ್ಟಿಗೆ ಬೇಕೆಂದೇನಿಲ್ಲ. ಎಕ್ಸ್‌ಟೆಂಡರ್‌ನಲ್ಲಿ ಲ್ಯಾನ್ ಪೋರ್ಟ್ ಮತ್ತು ಕೇಬಲ್‌ನಲ್ಲಿ ಬಂದದ್ದನ್ನು ವೈಫೈ ಆಗಿ ಕೊಡುವ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದೇ ಸಾಕು. ಹಳೆ ರೂಟರ್ ಆದರೆ ಮೊದಲು ಅದರ ಐಪಿಯನ್ನು `192.168.1.2`ಕ್ಕೆ ಬದಲಿಸಿ (ಕೆಳಗಿನದು `192.168.1.1` ಇದ್ದಾಗ), ಐಪಿ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ಲ್ಯಾನ್ ಪೋರ್ಟಿಗೇ ಚುಚ್ಚಿ. ವ್ಯಾನ್ ಪೋರ್ಟಿಗೆ ಚುಚ್ಚಿದರೆ ಇಂಟರ್ನೆಟ್ ಬರಬಹುದು, ಆದರೆ ಮೇಲಿನದು ಬೇರೆಯೇ ನೆಟ್‌ವರ್ಕ್ ಆಗಿ, ಮೇಲೆ ಇಟ್ಟ ಪ್ರಿಂಟರ್ ಕೆಳಗಿನ ಲ್ಯಾಪ್‌ಟಾಪಿಗೆ ಕಾಣುವುದಿಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ.

ಕೇಬಲ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಪೂರ್ತಿ ತಾಮ್ರದ ಕ್ಯಾಟ್ 6 ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಬಾಗಿದ ಕಡೆ ಸುಲಭವಾಗಿ ಮುರಿಯುತ್ತದೆ. ಎಳೆದ ಮೇಲೆ ಎರಡು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಫ್ ಮಾಡಿ, ಒಂದನ್ನು ಕೆಳಗಿನ ರೂಟರ್‌ನ ಲ್ಯಾನ್ ಪೋರ್ಟಿಗೆ, ಇನ್ನೊಂದನ್ನು ಎಳೆದ ಕೇಬಲ್‌ನ ಮೇಲಿನ ತುದಿಗೆ ಜೋಡಿಸಿ ನೋಡಿ. ವೇಗ ಅಳೆಯುವ iperf3 ಪ್ರೋಗ್ರಾಂ ಎರಡರಲ್ಲೂ ಹಾಕಿಕೊಂಡು, ಕೆಳಗಿನದರಲ್ಲಿ ಮೊದಲನೆಯ ಕಮಾಂಡ್, ಮೇಲಿನದರಲ್ಲಿ ಎರಡನೆಯದು ಕೊಡಿ. ಐಪಿ ಕೆಳಗಿನ ಲ್ಯಾಪ್‌ಟಾಪಿನದು:

```
iperf3 -s
iperf3 -c 192.168.1.10
```

ಎಲ್ಲವೂ ಗಿಗಾಬಿಟ್ ಪೋರ್ಟ್ ಆಗಿದ್ದರೆ 940 ಎಂಬಿಪಿಎಸ್ ಆಸುಪಾಸು ಬರಬೇಕು. 94ಕ್ಕೆ ನಿಂತರೆ ಲಿಂಕ್ 100ಕ್ಕೆ ಇಳಿದಿದೆ ಎಂದರ್ಥ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಹಾಗಾಗಿ ನೀಲಿ ಇಲ್ಲವೇ ಕಂದು ಜೋಡಿ ಎಲ್ಲೋ ಕೂತಿಲ್ಲ. ಎರಡೂ ತುದಿಯ ಕನೆಕ್ಟರ್ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿ.