ಟೇಬಲ್ ಸಾವಿರ, ಓಟ ಎಂಟುನೂರು

"ಅಕ್ಕಾ, ಟೇಬಲ್ ಸಾವಿರ ಇದೆ. ಆದ್ರೆ ಕಟ್ಟರ್ ಎಂಟ್ನೂರು ದಾಟಲ್ಲ." ಪೀಣ್ಯದ ಶೆಡ್ಡಿನಲ್ಲಿ ಆಪರೇಟರ್ ಹುಡುಗ ವೇಸ್ಟ್ ಬಟ್ಟೆಗೆ ಕೈ ಒರೆಸುತ್ತ ಹೇಳಿದ ಈ ಮಾತು ಮಂಗಳವಾರದಿಂದ ತಲೆಯಲ್ಲೇ ಕೂತಿದೆ.

ಭಾವನ ವರ್ಕ್‌ಶಾಪಿನ ಪ್ರೊಫೈಲ್ ತಿದ್ದಿಕೊಡಲು ಹೋಗಿದ್ದೆ. ಹಿಂದಿನ ವಾರ ಯಾರೋ 900 ಮಿ.ಮೀ. ಉದ್ದದ ಪ್ಲೇಟಿನ ಡ್ರಾಯಿಂಗ್ ಕಳಿಸಿ, ರೇಟೂ ಮಾತಾಡಿ, ಕೊನೆಗೆ ಮೆಷಿನ್ ನೋಡಿ ಹೊರಟುಹೋದರಂತೆ. ಪ್ರೊಫೈಲಿನಲ್ಲಿದ್ದದ್ದು "ವಿಎಂಸಿ, 1000 x 500, ಹೈ ಪ್ರಿಸಿಷನ್". ವಿಎಂಸಿ ಅಂದರೆ ಲೋಹ ಕೊರೆಯುವ ಕಂಪ್ಯೂಟರ್ ಚಾಲಿತ ಮೆಷಿನ್, ಆ ಅಂಕಿ ಅದರ ಟೇಬಲ್ಲಿನ ಅಳತೆ. ಪ್ಲೇಟೇನೋ ಅದರ ಮೇಲೆ ಆರಾಮಾಗಿ ಕೂರುತ್ತದೆ. ಆದರೆ ಎಕ್ಸ್, ಅಂದರೆ ಉದ್ದದ ದಿಕ್ಕಿನ ಓಟ 800 ಮಾತ್ರ. ಎರಡೂ ತುದಿಯಲ್ಲಿ ಐವತ್ತೈವತ್ತು ಮಿ.ಮೀ. ಕಟ್ಟರಿಗೆ ಎಟಕುವುದಿಲ್ಲ. ತಿರುಗಿಸಿ ಮತ್ತೊಮ್ಮೆ ಕಟ್ಟಬಹುದು, ಆಗ ಈ ತುದಿಯ ರಂಧ್ರಕ್ಕೂ ಆ ತುದಿಯ ರಂಧ್ರಕ್ಕೂ ಅಳತೆ ತಪ್ಪುವ ಭಯ.

"ಎಲ್ರೂ ಹಿಂಗೇ ಬರೀತಾರೆ ಕಣಮ್ಮ," ಎಂದರು ಭಾವ. ಕೆಲಸದಲ್ಲಿ ಶಿಸ್ತಿನ ಮನುಷ್ಯ. ಬರೆಯಲು ಕೂತರೆ ಮಾತ್ರ ಮದುವೆ ಹುಡುಗನ ಬಯೋಡೇಟಾ ಬರೆದಂತೆ. ನಾನು ಮೆಷಿನ್ನಿನ ತಯಾರಕ, ಮಾಡೆಲ್, ವರ್ಷ, ಮೂರೂ ದಿಕ್ಕಿನ ಓಟ ಬರೆದು, ಪಕ್ಕದಲ್ಲಿ ನೇಮ್‌ಪ್ಲೇಟಿನ ಫೋಟೋ ಹಾಕಿದೆ.

ಗೋಡೆಯ ಮೇಲಿದ್ದ ಐಎಸ್ಒ 9001 ಸರ್ಟಿಫಿಕೇಟಿನ ಅವಧಿ ಮುಗಿದಿರಲಿಲ್ಲ, ಪುಣ್ಯ. ಆದರೆ ಅದರ ಸ್ಕೋಪಿನಲ್ಲಿ, ಅಂದರೆ ಅದು ಅನ್ವಯಿಸುವ ಕೆಲಸಗಳ ಸಾಲಿನಲ್ಲಿ, ಟರ್ನಿಂಗ್, ಮಿಲ್ಲಿಂಗ್ ಅಷ್ಟೇ. ಪ್ರೊಫೈಲಿನಲ್ಲಿ ಅದರ ಕೆಳಗೇ ಹೀಟ್ ಟ್ರೀಟ್‌ಮೆಂಟೂ ಸೇರಿತ್ತು, ಅದೋ ಹೊರಗೆ ಮಾಡಿಸುವ ಕೆಲಸ. ಸ್ಕೋಪನ್ನು ಇದ್ದ ಹಾಗೇ ಇಳಿಸಿದೆ. ಸರ್ಟಿಫಿಕೇಟ್ ನಂಬರ್, ಯಾವತ್ತಿನವರೆಗೆ, ಕೊಟ್ಟ ಸಂಸ್ಥೆ ಯಾವುದು ಅಂತಲೂ ಬರೆದೆ. ಸರ್ಟಿಫಿಕೇಟ್ ಕೊಡುವುದು ಐಎಸ್ಒ ಅಲ್ಲವಲ್ಲ, ವಿಚಾರಿಸುವವರು ಆ ಸಂಸ್ಥೆಯನ್ನೇ ಕೇಳಬೇಕು.

ಜಗಳವಾದದ್ದು ಲೋಗೋಗಳಿಗೆ. ದೊಡ್ಡ ಕಾರ್ಖಾನೆಯೊಂದರ ಲೋಗೋ ಹಾಕಿಕೊಂಡಿದ್ದರು. ನಿಜದಲ್ಲಿ ಆರ್ಡರ್ ಬಂದದ್ದು ಮಧ್ಯದ ಇನ್ನೊಬ್ಬರಿಂದ. ಆ ಕಾರ್ಖಾನೆಗೆ ಫೋನ್ ಮಾಡಿದರೆ ಇವರ ಹೆಸರೇ ಯಾರಿಗೂ ಗೊತ್ತಿರುವುದಿಲ್ಲ. ಲೋಗೋ ತೆಗೆದು "6061 ಅಲ್ಯೂಮಿನಿಯಂ ಬ್ರ್ಯಾಕೆಟ್, 120 ಪೀಸ್, 2023, ಸಬ್‌ಕಾಂಟ್ರ್ಯಾಕ್ಟ್" ಎಂದು ಹಾಕಿದೆ. "ಇದನ್ನ ಓದಿದ್ರೆ ನಾವು ಚಿಕ್ಕೋರು ಅನ್ಸಲ್ವಾ?" ಎಂದರು. ಚಿಕ್ಕವರೇ ಅಲ್ಲವಾ, ಹೇಳಲಿಲ್ಲ.

ಕೊನೆಗೆ ಉಳಿದದ್ದು "5 ಮೈಕ್ರಾನ್ ನಿಖರತೆ". ಯಾವುದರಲ್ಲಿ ಅಳೀತೀರಿ ಎಂದೆ. ಹುಡುಗ ಮೈಕ್ರೋಮೀಟರ್ ತಂದ. ಅದರ ಒಂದು ಗೆರೆ 0.01 ಮಿ.ಮೀ., ಅಂದರೆ ಹತ್ತು ಮೈಕ್ರಾನ್. ಹುಡುಗ ನನ್ನ ಮುಖ ನೋಡಿ ನಕ್ಕ. ಭಾವ ಏನೂ ಹೇಳದೆ ಅದರ ಡಬ್ಬಿ ತಿರುಗಿಸಿ, ಕ್ಯಾಲಿಬ್ರೇಷನ್ ಸ್ಟಿಕ್ಕರಿನ ಅಳಿಸಿಹೋದ ತಾರೀಖನ್ನು ಬೆಳಕಿಗೆ ಹಿಡಿದು ಓದಲು ನೋಡುತ್ತಿದ್ದರು.