ಸೀಮೆಎಣ್ಣೆ ಫ್ರಿಜ್ಜಿಗೆ ಗೋಬರ್ ಗ್ಯಾಸ್: ಇದುವರೆಗಿನ ಅಳತೆಗಳು

ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯ ಉಗ್ರಾಣದಲ್ಲಿದ್ದ ಹಳೆಯ ಸೀಮೆಎಣ್ಣೆ ಫ್ರಿಜ್ ಮತ್ತೆ ತಣ್ಣಗಾಗುತ್ತಿದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಮರಳುವುದಕ್ಕೆ ಎಷ್ಟು ದಿನವಾದೀತೆಂದು ಹೇಳಲಾಗದ ಊರಿನಲ್ಲಿ, ಹಾಲು ಮತ್ತು ದನಗಳ ಔಷಧಿಯನ್ನು ಗೋಬರ್ ಗ್ಯಾಸಿನ ಉರಿಯಿಂದಲೇ ತಂಪಾಗಿಡುವುದು ಈ ಕೆಲಸದ ಗುರಿ. ಉರಿ ಹಚ್ಚುವ ಮೊದಲು ಈ ಯಂತ್ರ ತಿನ್ನುವ ಶಾಖಕ್ಕೆ ಎಷ್ಟು ತಂಪು ಕೊಡುತ್ತದೆ, ಅದು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಅಳೆದು ತಿಳಿಯಬೇಕೆಂದು ನಿಶ್ಚಯಿಸಿದ್ದೆ. ಈ ಬರಹ ಮುಖ್ಯವಾಗಿ ಆ ಅಳತೆಯ ಕುರಿತದ್ದು.

ಇದು ಸ್ವೀಡನ್ನಿನ ವಿದ್ಯಾರ್ಥಿಗಳಾದ ಪ್ಲಾಟೆನ್ ಮತ್ತು ಮುಂಟರ್ಸ್ 1922ರಲ್ಲಿ ರೂಪಿಸಿದ ಮಾದರಿ. ಇದರಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ. ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ಕೊಳವೆಗಳಲ್ಲಿ ಅಮೋನಿಯಾ, ನೀರು ಮತ್ತು ಹೈಡ್ರೋಜನ್ ಇರುತ್ತವೆ. ಕೆಳಗಿನ ಬಾಯ್ಲರಿನಲ್ಲಿ ಕಾದ ದ್ರಾವಣದಿಂದ ಅಮೋನಿಯಾ ಆವಿಯಾಗಿ ಹೊರಬೀಳುತ್ತದೆ. ಅದೇ ಆವಿಯ ಗುಳ್ಳೆಗಳು ಸಣ್ಣ ಕೊಳವೆಯೊಂದರಲ್ಲಿ ದ್ರಾವಣವನ್ನು ಮೇಲಕ್ಕೆತ್ತಿ ಪಂಪಿನ ಕೆಲಸವನ್ನೂ ಮಾಡುತ್ತವೆ. ಆವಿಯ ಜೊತೆ ಬಂದ ನೀರು ರೆಕ್ಟಿಫೈಯರಿನಲ್ಲಿ ಬೇರ್ಪಟ್ಟ ಮೇಲೆ ಅಮೋನಿಯಾ ಕಂಡೆನ್ಸರಿನಲ್ಲಿ ದ್ರವವಾಗಿ, ಪೆಟ್ಟಿಗೆಯೊಳಗಿನ ಎವಾಪರೇಟರಿಗೆ ಇಳಿಯುತ್ತದೆ. ಅಲ್ಲಿ ಹೈಡ್ರೋಜನ್ ತುಂಬಿರುವುದರಿಂದ ಒಟ್ಟು ಒತ್ತಡ ಬೇರೆಡೆ ಇರುವಷ್ಟೇ ಇದ್ದರೂ ಅಮೋನಿಯಾದ ಪಾಲಿನ ಒತ್ತಡ ಕಡಿಮೆಯಾಗಿ, ಅದು ಕಡಿಮೆ ಉಷ್ಣತೆಯಲ್ಲೇ ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರುತ್ತದೆ. ಕೊನೆಗೆ ಅಬ್ಸಾರ್ಬರಿನ ಸುರುಳಿಯಲ್ಲಿ ಅಮೋನಿಯಾ ಕಳೆದುಕೊಂಡ ದ್ರಾವಣವು ಆ ಆವಿಯನ್ನು ಮರಳಿ ಹೀರಿಕೊಂಡು ಬಾಯ್ಲರಿಗೆ ಒಯ್ಯುತ್ತದೆ. ಹೀರುವಾಗಲೂ ಶಾಖ ಹುಟ್ಟುತ್ತದೆ, ಅದನ್ನೂ ಹಿಂಬದಿಯ ಗಾಳಿಗೇ ಬಿಡಬೇಕು.

ಸಿ.ಓ.ಪಿ. ಎಂದರೆ ಪೆಟ್ಟಿಗೆಯಿಂದ ಹೊರತೆಗೆದ ಶಾಖವನ್ನು ಬಾಯ್ಲರಿಗೆ ಕೊಟ್ಟ ಶಾಖದಿಂದ ಭಾಗಿಸಿದಾಗ ಬರುವ ಸಂಖ್ಯೆ. ಅದರ ಆದರ್ಶ ಮಿತಿ ಮೂರು ಉಷ್ಣತೆಗಳಿಂದಲೇ ತೀರ್ಮಾನವಾಗುತ್ತದೆ:

```
COP = (1 − T0/Tg) × Te/(T0 − Te)
```

ಇಲ್ಲಿ Tg ಬಾಯ್ಲರಿನದು, Te ಎವಾಪರೇಟರಿನದು, T0 ಶಾಖವನ್ನು ಗಾಳಿಗೆ ಬಿಡುವ ಹಿಂಬದಿಯದು, ಎಲ್ಲವೂ ಕೆಲ್ವಿನ್ನಿನಲ್ಲಿ. ಬಾಯ್ಲರ್ 160, ಹಿಂಬದಿ 48, ಎವಾಪರೇಟರ್ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಎಂದಿಟ್ಟರೆ ಉತ್ತರ 1.17. ಬಾಯ್ಲರನ್ನು 180ಕ್ಕೆ ಏರಿಸಿದರೆ 1.32. ಬಾಯ್ಲರನ್ನು ಮುಟ್ಟದೆ ಹಿಂಬದಿಯನ್ನು 48ರಿಂದ 43ಕ್ಕೆ ಇಳಿಸಿದರೆ 1.34. ಉರಿಯ ಕಡೆಯ 20 ಡಿಗ್ರಿಗಿಂತ ಬೆನ್ನಿನ ಕಡೆಯ 5 ಡಿಗ್ರಿಯೇ ಹೆಚ್ಚು ಲಾಭ ಕೊಡುತ್ತದೆ, ಏಕೆಂದರೆ T0 ಸೂತ್ರದ ಎರಡೂ ಭಾಗಗಳಲ್ಲಿ ಕುಳಿತಿದೆ. ನಿಜವಾದ ಯಂತ್ರ ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಈ ಬಗೆಯ ಸಣ್ಣ ಫ್ರಿಜ್ಜುಗಳು ಸಾಮಾನ್ಯವಾಗಿ 0.1ರಿಂದ 0.3ರೊಳಗೇ ಉಳಿಯುತ್ತವೆ. ಆದರೂ ಯಾವ ಕಡೆ ಕೈಹಾಕಬೇಕೆಂಬುದನ್ನು ಸೂತ್ರ ಸರಿಯಾಗಿಯೇ ತೋರಿಸುತ್ತದೆ.

ತಂಪನ್ನು ನೇರವಾಗಿ ಅಳೆಯುವ ಮೀಟರ್ ಇಲ್ಲದ ಕಾರಣ ಮೊದಲು ಪೆಟ್ಟಿಗೆಯ ಸೋರಿಕೆಯನ್ನು ಕಂಡುಕೊಂಡೆ. ಫ್ರಿಜ್ಜನ್ನು ನಿಲ್ಲಿಸಿ, ಒಳಗೆ ತಂತಿ ಸುತ್ತಿದ ರೆಸಿಸ್ಟರ್ ಇಟ್ಟು, ಬ್ಯಾಟರಿಯಿಂದ 12 ವೋಲ್ಟಿನಲ್ಲಿ 2 ಆಂಪಿಯರ್, ಅಂದರೆ 24 ವ್ಯಾಟ್ ಕೊಟ್ಟು ರಾತ್ರಿಯಿಡೀ ಬಿಟ್ಟಾಗ, ಒಳಗಿನ ಉಷ್ಣತೆ ಕೋಣೆಗಿಂತ 15 ಡಿಗ್ರಿ ಮೇಲೇರಿ ಅಲ್ಲೇ ನಿಂತಿತು. ಹಾಗಾಗಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಗೋಡೆ ಮತ್ತು ಬಾಗಿಲಿನ ರಬ್ಬರಿನ ಮೂಲಕ 1.6 ವ್ಯಾಟ್ ದಾಟುತ್ತದೆ.

ಅನಂತರ ಚಿಮಣಿ ಕೊಳವೆಯೊಳಗೆ 190 ವ್ಯಾಟಿನ ವಿದ್ಯುತ್ ಹೀಟರ್ ಇಳಿಸಿದೆ. ಅಳತೆಯ ಹಂತದಲ್ಲಿ ಮಾತ್ರ ವಿದ್ಯುತ್ತನ್ನು ಬಳಸಿದ್ದಕ್ಕೆ ಕಾರಣ, ಅದರ ಶಾಖದ ಲೆಕ್ಕ ಖಚಿತವಾಗಿ ಸಿಗುತ್ತದೆ. ಕೋಣೆ 24 ಡಿಗ್ರಿ ಇದ್ದಾಗ ಒಳಗೆ 5 ಡಿಗ್ರಿಯಲ್ಲಿ ಸ್ಥಿರವಾಯಿತು. 19 ಡಿಗ್ರಿ ವ್ಯತ್ಯಾಸಕ್ಕೆ ತಂಪು 30.4 ವ್ಯಾಟ್, ಸಿ.ಓ.ಪಿ. 0.16.

ಆಗ ಅಬ್ಸಾರ್ಬರಿಗೆ ಕಟ್ಟಿದ್ದ ಥರ್ಮೋಕಪಲ್ 48 ಡಿಗ್ರಿ ತೋರಿಸುತ್ತಿತ್ತು. ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ತಂದು, ಹಿಂಬದಿಯ ಎರಡು ಪಕ್ಕಗಳಿಗೆ ತಗಡು ಹೊಡೆದು, ತಳದಿಂದ ನುಗ್ಗಿದ ತಂಗಾಳಿ ಸುರುಳಿಯನ್ನು ಸವರಿಕೊಂಡು ಮಾಡಿನ ಕೆಳಗಿನ ಕಿಂಡಿಯಿಂದ ಹೊರಹೋಗುವಂತೆ ದಾರಿ ಮಾಡಿದೆ. ಸುರುಳಿ 43ಕ್ಕೆ ಇಳಿಯಿತು. ಒಳಗಿನ ಉಷ್ಣತೆಯೂ ಇಳಿದದ್ದರಿಂದ ಹೋಲಿಕೆ ನ್ಯಾಯವಾಗಿರಲೆಂದು ರೆಸಿಸ್ಟರಿನಿಂದ ಶಾಖ ಕೊಟ್ಟು ಅದನ್ನು ಮತ್ತೆ 5 ಡಿಗ್ರಿಗೇ ತಂದೆ. ಅದಕ್ಕೆ 6 ವ್ಯಾಟ್ ಬೇಕಾಯಿತು. ಒಟ್ಟು ತಂಪು 36.4 ವ್ಯಾಟ್, ಸಿ.ಓ.ಪಿ. 0.19. ಆದರ್ಶ ಸೂತ್ರ ಹೇಳುವುದಕ್ಕಿಂತ ಈ ಏರಿಕೆ ಹೆಚ್ಚು. ತಣ್ಣಗಿರುವ ದ್ರಾವಣ ಹೆಚ್ಚು ಅಮೋನಿಯಾ ಹೀರುತ್ತದೆ, ಹಾಗಾಗಿ ಬಾಯ್ಲರಿಗೆ ಮರಳುವ ಪ್ರತಿ ಲೀಟರ್ ದ್ರಾವಣವನ್ನು ಕಾಯಿಸಿದ್ದಕ್ಕೆ ಹೊರಬರುವ ಅಮೋನಿಯಾವೂ ಹೆಚ್ಚುತ್ತದೆ ಎಂಬುದೇ ಇದಕ್ಕೆ ಕಾರಣವೆಂದು ನಾನು ತಿಳಿದಿದ್ದೇನೆ.

ಶಾಖವನ್ನು ಹೆಚ್ಚಿಸಿದಾಗಿನ ಫಲಿತಾಂಶ ಇದಕ್ಕೆ ವಿರುದ್ಧ. ಹೀಟರನ್ನು 240 ವ್ಯಾಟಿಗೆ ಏರಿಸಿದಾಗ ತಂಪು 38 ವ್ಯಾಟಿಗೆ ಮಾತ್ರ ಏರಿ, ಸಿ.ಓ.ಪಿ. ಮತ್ತೆ 0.16ಕ್ಕೆ ಕುಸಿಯಿತು. ಬಾಯ್ಲರ್ ಅತಿಯಾಗಿ ಕುದಿದರೆ ನೀರಿನ ಆವಿಯೂ ಹೆಚ್ಚಾಗಿ ಏಳುತ್ತದೆ. ಅದನ್ನು ಮಾಡಲು ಸುರಿದ ಶಾಖ ರೆಕ್ಟಿಫೈಯರಿನಿಂದ ಗಾಳಿಗೆ ಹೋಗುತ್ತದೆ, ಅಲ್ಲಿ ಬೇರ್ಪಡದ ನೀರು ಎವಾಪರೇಟರಿಗೆ ಇಳಿದು ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಗುರುತಿಸುವುದು ಕಷ್ಟವಲ್ಲ: ರೆಕ್ಟಿಫೈಯರ್ ದಾಟಿ ಕಂಡೆನ್ಸರಿಗೆ ಹೋಗುವ ಕೊಳವೆಯ ಉಷ್ಣತೆ ದಿಢೀರನೆ ಏರುತ್ತದೆ. ಇನ್ನೊಂದು ತುದಿಯಲ್ಲಿ, 140 ವ್ಯಾಟಿಗೆ ಇಳಿಸಿದಾಗ ಬಾಯ್ಲರ್ ಬಿಸಿಯಾಗಿಯೇ ಇದ್ದರೂ ಗುಳ್ಳೆಗಳು ದ್ರಾವಣವನ್ನು ಎತ್ತಲಾರದೆ ತಂಪು ಪೂರ್ತಿ ನಿಂತಿತು. ಬಾಯ್ಲರ್ ಬಿಸಿ, ಅಬ್ಸಾರ್ಬರ್ ತಣ್ಣಗೆ ಎಂಬ ಇದೇ ಲಕ್ಷಣ ಫ್ರಿಜ್ ಓರೆಯಾಗಿ ನಿಂತಾಗಲೂ ಕಾಣುತ್ತದೆ, ಏಕೆಂದರೆ ದ್ರವಗಳು ಇಲ್ಲಿ ತಮ್ಮ ತೂಕದಿಂದಲೇ ಇಳಿಯಬೇಕು. ಹಾಗಾಗಿ ಪ್ರತಿ ಅಳತೆಗೆ ಮುಂಚೆ ಎರಡೂ ದಿಕ್ಕಿಗೆ ರಸಮಟ್ಟ ಇಟ್ಟು ನೋಡುತ್ತೇನೆ.

ಈಗ ಹೀಟರ್ ತೆಗೆದು ಗ್ಯಾಸಿನ ಬರ್ನರ್ ಕೂರಿಸಿದ್ದೇನೆ. 20 ಲೀಟರಿನ ಕ್ಯಾನಿನಲ್ಲಿ ಗ್ಯಾಸನ್ನು ನೀರಿನ ಮೇಲೆ ಹಿಡಿದು, ಅದು ಖಾಲಿಯಾಗುವ ಹೊತ್ತನ್ನು ಅಳೆದು ನೋಡಿದರೆ, 36.4 ವ್ಯಾಟಿನ ಅದೇ ತಂಪಿಗೆ ಗಂಟೆಗೆ 45 ಲೀಟರ್ ಬೇಕಾಗುತ್ತಿದೆ. ಘನ ಮೀಟರಿಗೆ ಸುಮಾರು 21.5 ಮೆಗಾಜೂಲ್ ಹಿಡಿದರೆ ಅದು 269 ವ್ಯಾಟ್, ಇಂಧನದ ಲೆಕ್ಕದಲ್ಲಿ ಸಿ.ಓ.ಪಿ. 0.14. ವಿದ್ಯುತ್ತಿನ 190 ವ್ಯಾಟಿಗೆ ಹೋಲಿಸಿದರೆ ಉಳಿದ 79 ವ್ಯಾಟ್ ಚಿಮಣಿಯಿಂದ ಹೊರಗೆ ಹೋಗುತ್ತಿದೆ. ದಿನಕ್ಕೆ ಒಂದು ಘನ ಮೀಟರಿಗಿಂತ ತುಸು ಹೆಚ್ಚು ಗ್ಯಾಸ್ ಎಂದರೆ, ನಮ್ಮ ಎರಡು ಘನ ಮೀಟರಿನ ಸ್ಥಾವರದಲ್ಲಿ ಅಡುಗೆಗೆ ಉಳಿಯುವುದು ಅರ್ಧಕ್ಕೂ ಕಡಿಮೆ. ಇದನ್ನು ಮನೆಯಲ್ಲಿ ಯಾರೂ ಒಪ್ಪಲಾರರು.

ಆದ್ದರಿಂದ ಮುಂದಿನ ಕೆಲಸ ಚಿಮಣಿಯದು. ತಿರುಚಿದ ತಗಡಿನ ಪಟ್ಟಿಯೊಂದನ್ನು ಅದರೊಳಗೆ ತೂಗುಬಿಟ್ಟು, ಬಿಸಿ ಗಾಳಿ ಸುತ್ತಿಕೊಂಡು ಬಾಯ್ಲರಿನ ಗೋಡೆಗೆ ತಾಗುತ್ತ ಏರುವಂತೆ ಮಾಡಬೇಕಿದೆ. ಪಟ್ಟಿ ಅಗಲವಾದಷ್ಟು ಶಾಖ ಉಳಿಯುತ್ತದೆ, ಆದರೆ ಎಳೆತ ಕುಗ್ಗಿ ಉರಿ ಹಳದಿಯಾದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆಂದೇ ಹೊಗೆಯ ಕೊಳವೆಯನ್ನು ಮಾಡಿನಿಂದ ಹೊರಗೆ ಒಯ್ದಿದ್ದೇನೆ, ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ಥರ್ಮೋಕಪಲ್ ವಾಲ್ವನ್ನೂ ಹಾಕಿದ್ದೇನೆ. ಕಿರಿದಾದ ಪಟ್ಟಿಯಿಂದ ಆರಂಭಿಸಿ ಹಂತಹಂತವಾಗಿ ಅಗಲಿಸುತ್ತ ಪ್ರತಿ ಬಾರಿಯೂ ಕ್ಯಾನಿನ ಅಳತೆಯನ್ನು ಮರಳಿ ತೆಗೆಯುತ್ತೇನೆ. ಗಂಟೆಗೆ 35 ಲೀಟರಿಗೆ ಇಳಿದರೆ ಅಡುಗೆಮನೆಯ ಪಾಲು ಸಾಕಾಗುತ್ತದೆ.