ಮನೆಯ ವಿಡಿಯೊಗೆ ಸ್ಕ್ರಿಪ್ಟ್ ಯಾಕೆ?

“ಮಾರೋ ಮನೆ ವಿಡಿಯೊ ಮಾಡೋಕೆ ಸ್ಕ್ರಿಪ್ಟ್ ಯಾಕೆ ಸಾರ್? ಗೇಟಿಂದ ಟೆರೇಸ್‌ವರೆಗೆ ನಡ್ಕೊಂಡು ಹೋಗಿ ತೋರಿಸಿದ್ರೆ ಸಾಲದಾ?”

ನಡೆದೇ ತೋರಿಸಬೇಕು, ಆದರೆ ಯಾವ ಬಾಗಿಲಲ್ಲಿ ಯಾವ ಕಡೆ ತಿರುಗುವುದೆಂದು ಮೊದಲೇ ಬರೆದುಕೊಂಡಿರಬೇಕು. ಮೈಸೂರಿನಲ್ಲಿ 30×40 ಅಡಿ ಸೈಟಿನ, ಪೂರ್ವಕ್ಕೆ ಬಾಗಿಲಿರುವ ಮನೆಯೊಂದನ್ನು ನಾನು ಹಾಗೆ ಬರೆದುಕೊಳ್ಳದೆ ಚಿತ್ರಿಸಿದ್ದೆ. ಹಾಲ್ ಆದ ಮೇಲೆ ಮಲಗುವ ಕೋಣೆ, ಅಲ್ಲಿಂದ ನೇರವಾಗಿ ಅಡುಗೆಮನೆಗೆ ಕಟ್ ಮಾಡಿದ್ದರಿಂದ, ನೋಡಿದವರೆಲ್ಲ ಫೋನು ಮಾಡಿ “ಬೆಡ್‌ರೂಮ್ ದಾಟಿ ಅಡುಗೆಮನೆಗೆ ಹೋಗಬೇಕಾ?” ಎಂದು ಕೇಳತೊಡಗಿದರು. ವಾಸ್ತವದಲ್ಲಿ ಎರಡೂ ಬಾಗಿಲುಗಳು ಹಾಲಿನ ಎಡಗೋಡೆಯಲ್ಲಿಯೇ ಇದ್ದವು.

ಎರಡನೆಯ ಸಲ ಹೋದಾಗ ಮೊದಲು ಕ್ಯಾಮೆರಾ ಇಲ್ಲದೆ ಮನೆಯನ್ನು ಸುತ್ತಿ, ಕಾಗದದ ಒಂದು ಬದಿಯಲ್ಲಿ ಕಾಣುವುದನ್ನೂ ಇನ್ನೊಂದು ಬದಿಯಲ್ಲಿ ಹೇಳುವುದನ್ನೂ ಬರೆದುಕೊಂಡೆ. ಪೂರ್ವದ ಮನೆಯ ಮುಖಕ್ಕೆ ಮಧ್ಯಾಹ್ನದ ಮೇಲೆ ನೆರಳು ಬೀಳುವುದರಿಂದ ಗೇಟು ಮತ್ತು ಪೋರ್ಟಿಕೊವನ್ನು ಬೆಳಿಗ್ಗೆಯೇ ತೆಗೆದೆ. ಒಳಗೆ ಬಂದೊಡನೆ ಬಲಕ್ಕೆ ಸರಿದು, ಕ್ಯಾಮೆರಾವನ್ನು ಎದೆಯ ಎತ್ತರದಲ್ಲಿ ಹಿಡಿದು, ಮೂಲೆಯಿಂದ ಮೂಲೆಗೆ ನೋಡುವಂತೆ ಐದು ಸೆಕೆಂಡು ನಿಂತೆ. ಎಡಗೋಡೆಯ ಎರಡೂ ಬಾಗಿಲುಗಳು ಒಂದೇ ಚೌಕಟ್ಟಿನಲ್ಲಿ ಕಾಣಲೆಂದೇ ಆ ಜಾಗ.

ಅಡುಗೆಮನೆಯ ಸಾಲುಗಳು ಹೀಗಿದ್ದವು. ಕಾಣುವುದು: ಹೊಸ್ತಿಲಿನಿಂದ ನಿಧಾನವಾಗಿ ಒಳಗೆ, ಕಿಟಕಿಯ ಮುಂದೆ ಮೂರು ಸೆಕೆಂಡು, ಅಲ್ಲಿಂದ ಗ್ರಾನೈಟ್ ಕಟ್ಟೆಗೆ ಇಳಿದು ಯುಟಿಲಿಟಿಯ ಬಾಗಿಲಿನವರೆಗೆ. ಹೇಳುವುದು: “ಬೆಳಗಿನ ಬಿಸಿಲು ಕಟ್ಟೆಯ ಮೇಲೇ ಬೀಳುತ್ತದೆ. ಯುಟಿಲಿಟಿಯಲ್ಲಿ ವಾಷಿಂಗ್ ಮಷೀನಿಗೆ ನಲ್ಲಿ, ಪ್ಲಗ್ ಎರಡೂ ಇವೆ.” ಗ್ರಾನೈಟ್ ಕಣ್ಣಿಗೆ ಕಾಣುತ್ತಿರುವಾಗ “ಇದು ಗ್ರಾನೈಟ್ ಕಟ್ಟೆ” ಎಂದು ಬಾಯಲ್ಲಿ ಹೇಳುವುದು ದಂಡ, ಬಿಸಿಲು ಬರುವ ಹೊತ್ತನ್ನು ನಾವು ಹೇಳದಿದ್ದರೆ ತಿಳಿಯುವುದಿಲ್ಲ. ಆಮೇಲೆ ಕ್ಯಾಮೆರಾ ಹಿಂದಿರುಗಿ ಬಾಗಿಲಿನತ್ತ ಬರಬೇಕು, ಹಾಲಿನ ಸೋಫಾ ಮತ್ತೆ ಕಂಡ ಮೇಲೆಯೇ ಕಟ್. ನೋಡುವವರಿಗೆ ದಿಕ್ಕು ತಪ್ಪದಂತೆ ಕಾಯುವುದು ಆ ಒಂದೆರಡು ಸೆಕೆಂಡುಗಳೇ.

ಮಲಗುವ ಕೋಣೆಯಲ್ಲಿ ಫೋನಿನ 0.5x ಲೆನ್ಸಿನ ಆಸೆ ಬೇಡ. ಹತ್ತು ಅಡಿಗೆ ಹನ್ನೊಂದು ಅಡಿಯ ಕೋಣೆ ಅದರಲ್ಲಿ ಛತ್ರದಂತೆ ಕಾಣುತ್ತದೆ, ಮನೆ ನೋಡಲು ಬಂದವರು ಬಾಗಿಲಲ್ಲೇ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ಅಳತೆಯನ್ನು ಬಾಯಲ್ಲೇ ಹೇಳಿಬಿಡುವುದು ಒಳ್ಳೆಯದು. ಎಲ್‌ಇಡಿ ದೀಪಗಳು ಪಟ್ಟೆಪಟ್ಟೆಯಾಗಿ ಮಿನುಗಿದರೆ, ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮಹಡಿಯ ಕೋಣೆಗಳು ಕೆಳಗಿನವುಗಳಂತೆಯೇ ಇದ್ದುದರಿಂದ ಒಂದೊಂದಕ್ಕೆ ನಾಲ್ಕೇ ಸೆಕೆಂಡು ಕೊಟ್ಟೆ. ಟೆರೇಸಿನಲ್ಲಿ ಸೋಲಾರ್ ಹೀಟರನ್ನೂ ನೀರಿನ ಟ್ಯಾಂಕನ್ನೂ ಒಟ್ಟಿಗೆ ಹಿಡಿದು, ಅಂಚಿನ ಕಟ್ಟೆಯವರೆಗೆ ನಡೆದು, ಒಳಬಂದ ಗೇಟನ್ನೇ ಮೇಲಿನಿಂದ ತೋರಿಸಿ ಕ್ಯಾಮೆರಾ ನಿಲ್ಲಿಸಿದೆ.